ತಪ್ಪು ಯುಪಿಐ ಖಾತೆಗೆ ಹಣ ಹೋಯಿತೇ? ವಾಪಸ್ ಕೇಳುವ ಸರಿಯಾದ ದಾರಿ ಇಲ್ಲಿದೆ

ಪುಣೆ: ಮೊಬೈಲ್ ಸಂಖ್ಯೆಯಲ್ಲಿ ಒಂದೇ ಒಂದು ಅಂಕಿ ತಪ್ಪಿದರೂ ಯುಪಿಐ ಮೂಲಕ ಕಳಿಸಿದ ಹಣ ಕ್ಷಣಾರ್ಧದಲ್ಲಿ ಇನ್ಯಾರದೋ ಖಾತೆ ಸೇರುತ್ತದೆ. ಆಮೇಲೆ ಶುರುವಾಗುವುದು ಗಾಬರಿ. ಕೆಲವರು ಆ್ಯಪ್‌ನಲ್ಲಿ ರದ್ದು ಮಾಡುವ ಬಟನ್ ಹುಡುಕುತ್ತಾರೆ, ಕೆಲವರು ಸೈಬರ್ ಪೊಲೀಸರಿಗೆ ಕರೆ ಮಾಡುತ್ತಾರೆ, ಇನ್ನು ಕೆಲವರು ಒಂದೆರಡು ದಿನದಲ್ಲಿ ತಾನಾಗಿಯೇ ವಾಪಸ್ ಬರಬಹುದು ಎಂದು ಕಾಯುತ್ತಾ ಕೂರುತ್ತಾರೆ. ಈ ಮೂರರಿಂದಲೂ ಹಣ ಬರುವುದಿಲ್ಲ.

ಉದ್ಯೋಗಕ್ಕಾಗಿ ಕರ್ನಾಟಕದಿಂದ ಪುಣೆಗೆ ಬಂದು ನೆಲೆಸಿರುವವರಿಗೆ ಈ ಸಮಸ್ಯೆಯಲ್ಲಿ ಇನ್ನೊಂದು ಗೊಂದಲವೂ ಸೇರಿಕೊಳ್ಳುತ್ತದೆ. ಖಾತೆ ಇರುವುದು ವಿಜಯಪುರ ಅಥವಾ ಕಲಬುರಗಿಯ ಶಾಖೆಯಲ್ಲಿ, ಹಣ ಕಳಿಸಿದ್ದು ಪುಣೆಯಿಂದ, ಹಣ ಸೇರಿದ್ದು ಯಾವ ಊರಿನವರಿಗೋ ಗೊತ್ತಿಲ್ಲ. ಹಾಗಾದರೆ ದೂರು ಕೊಡುವುದು ಎಲ್ಲಿ? ಯಾರಿಗೆ? ಏನೆಂದು ಬರೆಯಬೇಕು? ಹಣ ಸಿಗುವ ಸಾಧ್ಯತೆ ಎಷ್ಟು? ಒಂದು ಉದಾಹರಣೆಯ ಮೂಲಕ ಹಂತ ಹಂತವಾಗಿ ನೋಡೋಣ.

ಮೊದಲು ತಿಳಿಯಬೇಕಾದದ್ದು: ಇದು ಯಾವ ಬಗೆಯ ಸಮಸ್ಯೆ?

'ಯುಪಿಐನಲ್ಲಿ ಹಣ ಹೋಯಿತು' ಎಂಬ ಒಂದೇ ಮಾತಿನ ಹಿಂದೆ ಮೂರು ಬೇರೆ ಬೇರೆ ಸಂಗತಿಗಳಿರುತ್ತವೆ. ಮೂರಕ್ಕೂ ಬಾಗಿಲು ಬೇರೆ. ತಪ್ಪು ಬಾಗಿಲು ತಟ್ಟಿದರೆ ಮೊದಲ ದಿನಗಳು ವ್ಯರ್ಥವಾಗುತ್ತವೆ.

ಮೊದಲನೆಯದು, ವಹಿವಾಟು ವಿಫಲವಾಗುವುದು. ನಿಮ್ಮ ಖಾತೆಯಿಂದ ಹಣ ಕಡಿತವಾಗಿದೆ, ಆದರೆ ಎದುರಿನವರ ಖಾತೆಗೆ ಜಮೆಯಾಗಿಲ್ಲ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ ಇಂಥ ಹಣ ವಹಿವಾಟಿನ ಮರುದಿನದೊಳಗೆ ತಾನಾಗಿಯೇ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರವನ್ನೂ ಕೊಡಬೇಕು. 'ಕಾದರೆ ಬರುತ್ತದೆ' ಎಂಬ ಮಾತು ಹುಟ್ಟಿಕೊಂಡಿರುವುದು ಇಲ್ಲಿಂದಲೇ. ಆದರೆ ಆ ನಿಯಮ ಅನ್ವಯಿಸುವುದು ವಿಫಲವಾದ ವಹಿವಾಟಿಗೆ ಮಾತ್ರ.

ಎರಡನೆಯದು, ವಂಚನೆ. ಯಾರೋ ಸುಳ್ಳು ಹೇಳಿ, ಲಿಂಕ್ ಕಳಿಸಿ ಅಥವಾ ಹೆದರಿಸಿ ಹಣ ಹಾಕಿಸಿಕೊಂಡಿದ್ದರೆ ಅದು ಸೈಬರ್ ಅಪರಾಧ. ಅದಕ್ಕೆ 1930 ಸಹಾಯವಾಣಿ ಮತ್ತು cybercrime.gov.in ಜಾಲತಾಣ ಇವೆ.

ಮೂರನೆಯದು ತಪ್ಪು ವರ್ಗಾವಣೆ. ನೀವೇ ಪಿನ್ ಹಾಕಿದ್ದೀರಿ, ವಹಿವಾಟು ಯಶಸ್ವಿಯಾಗಿದೆ, ಹಣವೂ ಸೇರಿದೆ. ಸೇರಿದ್ದು ಮಾತ್ರ ಬೇರೆಯವರಿಗೆ. ವ್ಯವಸ್ಥೆಯ ಕಣ್ಣಿಗೆ ಇದು ಎಲ್ಲ ರೀತಿಯಿಂದಲೂ ಸರಿಯಾದ ವಹಿವಾಟು. ಆದ್ದರಿಂದ ಇದು ತಾನಾಗಿ ವಾಪಸ್ ಬರುವುದಿಲ್ಲ, ಕೇಳಿಯೇ ಪಡೆಯಬೇಕು.

ಮೂರರಲ್ಲಿ ಯಾವುದು ಎಂದು ತಿಳಿಯಲು ಆ್ಯಪ್‌ನ ವಹಿವಾಟಿನ ಪುಟ ತೆರೆದು ಸ್ಥಿತಿ ನೋಡಿ. ಬಾಕಿ ಅಥವಾ ವಿಫಲ ಎಂದಿದ್ದರೆ ಕಾಯಬಹುದು, ಅವಸರದಲ್ಲಿ ಮತ್ತೊಮ್ಮೆ ಕಳಿಸಬೇಡಿ. ಯಶಸ್ವಿ ಎಂದಿದ್ದು, ಪಡೆದವರ ಹೆಸರು ನೀವು ಉದ್ದೇಶಿಸಿದವರದ್ದಲ್ಲ ಎಂದಾದರೆ ಅದು ತಪ್ಪು ವರ್ಗಾವಣೆ. ಆಗ ಒಂದು ಗಂಟೆಯನ್ನೂ ಕಳೆಯಬಾರದು.

ಬ್ಯಾಂಕ್ ಹಣವನ್ನು ಎಳೆದುಕೊಳ್ಳಲು ಯಾಕೆ ಆಗುವುದಿಲ್ಲ?

'ಯಾರ ಖಾತೆಗೆ ಹೋಗಿದೆ ಎಂದು ಬ್ಯಾಂಕಿಗೆ ಗೊತ್ತಲ್ಲ, ವಾಪಸ್ ತೆಗೆದು ಕೊಡಬಹುದಲ್ಲ' ಎಂಬುದು ಎಲ್ಲರ ಮೊದಲ ಪ್ರಶ್ನೆ. ಉತ್ತರ ಸರಳ. ಜಮೆಯಾದ ಕ್ಷಣದಿಂದ ಆ ಹಣ ಇನ್ನೊಬ್ಬ ಗ್ರಾಹಕರ ಖಾತೆಯಲ್ಲಿರುತ್ತದೆ. ಆ ಗ್ರಾಹಕರ ಒಪ್ಪಿಗೆ ಅಥವಾ ನ್ಯಾಯಾಲಯದಂಥ ಅಧಿಕಾರವಿರುವವರ ಆದೇಶ ಇಲ್ಲದೆ, ನಿಮ್ಮ ಮಾತನ್ನಷ್ಟೇ ನಂಬಿ ಬ್ಯಾಂಕ್ ಅದನ್ನು ತೆಗೆಯುವಂತಿಲ್ಲ. ಹಾಗೆ ತೆಗೆಯಬಹುದಾಗಿದ್ದರೆ ಸಾಮಾನು ಕೊಂಡು ದುಡ್ಡು ಕೊಟ್ಟವರೂ ಮರುದಿನ 'ತಪ್ಪಾಗಿ ಕಳಿಸಿದೆ' ಎಂದು ಹೇಳಿ ಹಣ ವಾಪಸ್ ಪಡೆಯಬಹುದಿತ್ತು.

ಇನ್ನೊಂದು ವಿಷಯ. ಆನ್‌ಲೈನ್ ವರ್ಗಾವಣೆಯಲ್ಲಿ ಖಾತೆ ಸಂಖ್ಯೆಯ ಆಧಾರದ ಮೇಲೆಯೇ ಹಣ ಜಮೆ ಮಾಡಬಹುದು, ಸಂಖ್ಯೆ ಸರಿಯಾಗಿ ನಮೂದಿಸುವ ಹೊಣೆ ಕಳಿಸುವವರದ್ದು ಎಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಹೇಳಿದೆ. ಯುಪಿಐನಲ್ಲೂ ಹಣ ಹೋಗುವುದು ಯುಪಿಐ ಐಡಿ ಅಥವಾ ಮೊಬೈಲ್ ಸಂಖ್ಯೆಗೆ ಜೋಡಿಸಿದ ಖಾತೆಗೆ. ನೀವು ಮನಸ್ಸಿನಲ್ಲಿ ಯಾರನ್ನು ಇಟ್ಟುಕೊಂಡಿದ್ದಿರಿ ಎಂಬುದು ವ್ಯವಸ್ಥೆಗೆ ತಿಳಿಯುವುದಿಲ್ಲ.

ಆದ್ದರಿಂದ ಬ್ಯಾಂಕಿಗೆ ಕೊಡುವ ದೂರು ಆದೇಶವಲ್ಲ, ಕೋರಿಕೆ. ನಿಮ್ಮ ಬ್ಯಾಂಕ್ ಎದುರಿನವರ ಬ್ಯಾಂಕಿಗೆ ವಿಷಯ ತಿಳಿಸುತ್ತದೆ, ಆ ಬ್ಯಾಂಕ್ ತನ್ನ ಗ್ರಾಹಕರನ್ನು ಸಂಪರ್ಕಿಸಿ ಒಪ್ಪಿಗೆ ಕೇಳುತ್ತದೆ. ಅವರು ಒಪ್ಪಿ, ಖಾತೆಯಲ್ಲಿ ಹಣವೂ ಇದ್ದರೆ ಅದು ನಿಮ್ಮ ಖಾತೆಗೆ ಮರಳುತ್ತದೆ. ಬೇಗ ಕೇಳಬೇಕು ಎನ್ನುವುದು ಇದೇ ಕಾರಣಕ್ಕೆ. ಗೊತ್ತಿಲ್ಲದೆ ಬಂದ ಹಣವನ್ನು ಅವರು ಖರ್ಚು ಮಾಡಿಬಿಡಬಹುದು. ಅವರು ಮುಟ್ಟದಿದ್ದರೂ ಮರುದಿನದ ಸಾಲದ ಕಂತು ಆ ಖಾತೆಯಿಂದ ತಾನಾಗಿಯೇ ಕಡಿತವಾಗಿಬಿಡಬಹುದು.

ಒಂದು ಉದಾಹರಣೆ: ಹಡಪ್ಸರ್‌ನ ಬಾಡಿಗೆ ಹಣ

ವಿಜಯಪುರ ಜಿಲ್ಲೆಯ ಯುವಕನೊಬ್ಬ ಪುಣೆಯ ಹಡಪ್ಸರ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದಾನೆ ಎಂದುಕೊಳ್ಳೋಣ. ತಿಂಗಳ ಬಾಡಿಗೆ 16,500 ರೂಪಾಯಿ. ಮನೆ ಮಾಲೀಕರು ಹೊಸ ಮೊಬೈಲ್ ಸಂಖ್ಯೆಯನ್ನು ಫೋನಿನಲ್ಲಿ ಹೇಳುತ್ತಾರೆ. ಭಾನುವಾರ ರಾತ್ರಿ 9.40ಕ್ಕೆ ಅವನು ಅದನ್ನು ಕೈಯಿಂದ ಟೈಪ್ ಮಾಡುವಾಗ ಕೊನೆಯ ಎರಡು ಅಂಕಿಗಳು ಅದಲು ಬದಲಾಗುತ್ತವೆ. ಆ್ಯಪ್ ಒಂದು ಹೆಸರು ತೋರಿಸುತ್ತದೆ. ಅದು ಮಾಲೀಕರ ಹೆಸರಲ್ಲ. ಆದರೆ 'ಮನೆಯವರ ಖಾತೆಯಿರಬೇಕು' ಎಂದುಕೊಂಡು ಅವನು ಪಿನ್ ಹಾಕುತ್ತಾನೆ. ಹತ್ತು ನಿಮಿಷದ ನಂತರ ಮಾಲೀಕರು 'ಬಂದಿಲ್ಲ' ಎಂದಾಗ ವಿಷಯ ಗೊತ್ತಾಗುತ್ತದೆ.

ಅವನ ಖಾತೆ ಇರುವುದು ವಿಜಯಪುರದ ಶಾಖೆಯಲ್ಲಿ. ಇಲ್ಲಿಂದ ಮುಂದೆ ಅವನು ಏನೇನು ಮಾಡಬೇಕು?

ಮೊದಲ ಗಂಟೆ: ದಾಖಲೆ ಮತ್ತು ದೂರಿನ ಸಂಖ್ಯೆ

ಮೊದಲ ಕೆಲಸ ದಾಖಲೆ ಉಳಿಸಿಕೊಳ್ಳುವುದು. ವಹಿವಾಟಿನ ಪುಟದ ಸ್ಕ್ರೀನ್‌ಶಾಟ್ ತೆಗೆಯಬೇಕು. ಅದರಲ್ಲಿ ದಿನಾಂಕ, ಸಮಯ, ಮೊತ್ತ, ಪಡೆದವರ ಹೆಸರು, ಅವರ ಯುಪಿಐ ಐಡಿ ಅಥವಾ ಸಂಖ್ಯೆ ಕಾಣಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು 12 ಅಂಕಿಗಳ ಯುಟಿಆರ್ ಸಂಖ್ಯೆ. ಕೆಲವು ಆ್ಯಪ್‌ಗಳಲ್ಲಿ ಇದಕ್ಕೆ ಯುಪಿಐ ವಹಿವಾಟು ಸಂಖ್ಯೆ ಎಂದೂ, ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಉಲ್ಲೇಖ ಸಂಖ್ಯೆ ಎಂದೂ ಇರುತ್ತದೆ. ಆ್ಯಪ್ ತನ್ನದೇ ಲೆಕ್ಕಕ್ಕೆ ಕೊಡುವ ಅಕ್ಷರಗಳೂ ಸೇರಿದ ಉದ್ದದ ಸಂಖ್ಯೆ ಬೇರೆ. ಎರಡೂ ಬ್ಯಾಂಕುಗಳು ನಿಮ್ಮ ಹಣವನ್ನು ಹುಡುಕುವುದು ಈ 12 ಅಂಕಿಗಳಿಂದಲೇ. ಅದಿಲ್ಲದೆ ದೂರು ಮುಂದೆ ಸಾಗುವುದು ಕಷ್ಟ.

ಎರಡನೆಯದು, ಹಣ ಪಡೆದವರನ್ನು ಒಮ್ಮೆ ನೇರವಾಗಿ ಕೇಳುವುದು. ಮೊಬೈಲ್ ಸಂಖ್ಯೆಗೆ ಕಳಿಸಿದ್ದರೆ ಆ ಸಂಖ್ಯೆ ಕೈಯಲ್ಲೇ ಇದೆ. ಕರೆ ಮಾಡಿ ಮರ್ಯಾದೆಯಿಂದ ವಿಷಯ ಹೇಳಿ, ಯುಟಿಆರ್ ಕೊಟ್ಟು, 'ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ಖಚಿತಪಡಿಸಿಕೊಳ್ಳಿ, ನಾನು ಬ್ಯಾಂಕಿಗೂ ದೂರು ಕೊಡುತ್ತಿದ್ದೇನೆ' ಎನ್ನಬೇಕು. ಅಪರಿಚಿತರು ಅನುಮಾನಪಟ್ಟರೆ ಅದು ಸಹಜ. ಇದೇ ಮಾತು ಹೇಳಿ ಮೋಸ ಮಾಡುವವರು ಬಹಳ ಇದ್ದಾರೆ. ಬೆದರಿಕೆ ಹಾಕಿದರೆ, ಪದೇ ಪದೇ ಕರೆ ಮಾಡಿದರೆ ಅವರು ನಿಮ್ಮ ಸಂಖ್ಯೆಯನ್ನು ಬ್ಲಾಕ್ ಮಾಡುತ್ತಾರೆ, ಇದ್ದ ಸುಲಭದ ದಾರಿಯೂ ಮುಚ್ಚಿಹೋಗುತ್ತದೆ. ಆ್ಯಪ್‌ನಿಂದ ಅವರಿಗೆ 'ಹಣ ಕೊಡಿ' ಎಂಬ ಕೋರಿಕೆ ಕಳಿಸುವ ಉಪಾಯವೂ ಈಗ ನಡೆಯುವುದಿಲ್ಲ. ವಂಚನೆ ತಡೆಯಲೆಂದು ವ್ಯಕ್ತಿಯಿಂದ ವ್ಯಕ್ತಿಗೆ ಹಾಗೆ ಹಣ ಕೇಳುವ ಸೌಲಭ್ಯವನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆ.

ಅವರ ಉತ್ತರಕ್ಕೆ ಕಾಯದೆ ಮೂರನೆಯ ಕೆಲಸಕ್ಕೆ ಕೈಹಾಕಬೇಕು. ಹಣ ಕಳಿಸಿದ ಆ್ಯಪ್‌ನಲ್ಲೇ ಅದೇ ವಹಿವಾಟಿನ ಪುಟದಲ್ಲಿ ಸಹಾಯ ಅಥವಾ ದೂರು ಎಂಬ ಆಯ್ಕೆ ಇರುತ್ತದೆ. ಅಲ್ಲಿ ತಪ್ಪು ವ್ಯಕ್ತಿಗೆ ಹಣ ಹೋಗಿದೆ ಎಂದು ದಾಖಲಿಸಬೇಕು. ಆದರೆ ಗೂಗಲ್ ಪೇ, ಫೋನ್‌ಪೇಯಂಥ ಆ್ಯಪ್‌ಗಳ ಬಳಿ ನಿಮ್ಮ ಹಣ ಇರುವುದಿಲ್ಲ. ಅವು ಸಂದೇಶ ಸಾಗಿಸುತ್ತವೆ, ಹಣ ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುತ್ತದೆ. ಆದ್ದರಿಂದ ಆ್ಯಪ್‌ನಲ್ಲಿ ದೂರು ಕೊಟ್ಟ ಬೆನ್ನಿಗೇ ಬ್ಯಾಂಕಿನ ಸಹಾಯವಾಣಿಗೂ ಕರೆ ಮಾಡಬೇಕು. ಭಾನುವಾರ ರಾತ್ರಿಯಾದರೂ ದೂರು ದಾಖಲಿಸಿ ಅದರ ಸಂಖ್ಯೆ ಪಡೆಯಬಹುದು. ಆ ಸಂಖ್ಯೆ ಮತ್ತು ಸಮಯವನ್ನು ಬರೆದಿಟ್ಟುಕೊಳ್ಳಿ.

ಇಲ್ಲೊಂದು ಎಚ್ಚರಿಕೆ. ಸಹಾಯವಾಣಿ ಸಂಖ್ಯೆಯನ್ನು ಅಂತರ್ಜಾಲದಲ್ಲಿ ಹುಡುಕಬೇಡಿ. ಹುಡುಕಿದಾಗ ನಕಲಿ ಸಂಖ್ಯೆಗಳೂ ಸಿಗುತ್ತವೆ. ಡೆಬಿಟ್ ಕಾರ್ಡಿನ ಹಿಂಬದಿ, ಪಾಸ್‌ಬುಕ್ ಅಥವಾ ಬ್ಯಾಂಕಿನ ಅಧಿಕೃತ ಆ್ಯಪ್‌ನಲ್ಲಿರುವ ಸಂಖ್ಯೆಗೇ ಕರೆ ಮಾಡಿ. ಹಣ ವಾಪಸ್ ಬರಲು ನೀವು ಪಿನ್ ಹಾಕಬೇಕಿಲ್ಲ, ಒಟಿಪಿ ಹೇಳಬೇಕಿಲ್ಲ, ಯಾವ ಆ್ಯಪ್ ಅನ್ನೂ ಇಳಿಸಿಕೊಳ್ಳಬೇಕಿಲ್ಲ. ಕೇಳಿದರೆ ಕರೆ ಕತ್ತರಿಸಿ.

ಮರುದಿನ: ಶಾಖೆಗೆ ಲಿಖಿತ ಅರ್ಜಿ

ಸೋಮವಾರ ಬ್ಯಾಂಕ್ ತೆರೆಯುತ್ತಲೇ ಲಿಖಿತ ಅರ್ಜಿ ಕೊಡಬೇಕು. ಇದಕ್ಕಾಗಿ ವಿಜಯಪುರಕ್ಕೆ ಹೋಗಬೇಕಿಲ್ಲ. ಖಾತೆಯಿರುವ ಶಾಖೆಗೆ ನೋಂದಾಯಿತ ಇಮೇಲ್‌ನಿಂದ ಅರ್ಜಿ ಕಳಿಸಬಹುದು, ಅದರ ಪ್ರತಿಯೊಂದನ್ನು ಅದೇ ಬ್ಯಾಂಕಿನ ಪುಣೆ ಶಾಖೆಯಲ್ಲಿ ಕೊಟ್ಟು ಮುದ್ರೆ ಹಾಕಿಸಿಕೊಳ್ಳಬಹುದು. ಪುಣೆಯಲ್ಲಿ ಕೊಡುವ ಪ್ರತಿ ಇಂಗ್ಲಿಷ್, ಹಿಂದಿ ಅಥವಾ ಮರಾಠಿಯಲ್ಲಿದ್ದರೆ ಅನುಕೂಲ. ಅರ್ಜಿಯ ಸಾರ ಹೀಗಿರಲಿ:

'ಈ ದಿನಾಂಕ, ಈ ಸಮಯದಲ್ಲಿ ನನ್ನ ಖಾತೆಯಿಂದ 16,500 ರೂಪಾಯಿಯನ್ನು ಯುಪಿಐ ಮೂಲಕ ತಪ್ಪಾಗಿ ಬೇರೆ ವ್ಯಕ್ತಿಗೆ ಕಳಿಸಿದ್ದೇನೆ. ಯುಟಿಆರ್ ಸಂಖ್ಯೆ ಇದು. ಕಳಿಸಬೇಕಿದ್ದ ಸಂಖ್ಯೆ ಇದು, ಕಳಿಸಿದ ಸಂಖ್ಯೆ ಇದು, ಪಡೆದವರ ಹೆಸರು ಆ್ಯಪ್‌ನಲ್ಲಿ ಹೀಗೆ ಕಾಣುತ್ತದೆ. ಆ ವ್ಯಕ್ತಿಯೊಂದಿಗೆ ನನಗೆ ಯಾವುದೇ ವ್ಯವಹಾರ ಇಲ್ಲ. ದಯವಿಟ್ಟು ಫಲಾನುಭವಿಯ ಬ್ಯಾಂಕನ್ನು ಸಂಪರ್ಕಿಸಿ, ಅವರ ಒಪ್ಪಿಗೆ ಪಡೆದು ಹಣ ಹಿಂದಿರುಗಿಸಲು ಕೋರುತ್ತೇನೆ. ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಿ.'

ಇದರಲ್ಲಿ ಎರಡು ಅಂಶಗಳು ಕೆಲಸ ಮಾಡುತ್ತವೆ. ಕಳಿಸಬೇಕಿದ್ದ ಸಂಖ್ಯೆ ಮತ್ತು ಕಳಿಸಿದ ಸಂಖ್ಯೆಯನ್ನು ಅಕ್ಕಪಕ್ಕ ಇಟ್ಟಾಗ ಎರಡು ಅಂಕಿ ಅದಲು ಬದಲಾಗಿರುವುದು ಯಾರಿಗಾದರೂ ಕಾಣುತ್ತದೆ. ಇದು ನಿಜವಾದ ತಪ್ಪು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ಮಾಲೀಕರ ಸಂಖ್ಯೆ ಇರುವ ಬಾಡಿಗೆ ಕರಾರು ಅಥವಾ ಅವರ ಸಂದೇಶ ಇದ್ದರೆ ಅದನ್ನೂ ಲಗತ್ತಿಸಬೇಕು. ಇನ್ನು 'ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಿ' ಎಂಬ ಸಾಲು ಮುಂದೆ ಒಂಬುಡ್ಸ್‌ಮನ್ ಬಳಿ ಹೋಗಬೇಕಾಗಿ ಬಂದರೆ ಬೇಕಾಗುತ್ತದೆ.

ಪಡೆದವರ ವಿಳಾಸ, ಖಾತೆ ಸಂಖ್ಯೆ ಕೊಡಿ ಎಂದು ಬ್ಯಾಂಕಿನೊಂದಿಗೆ ವಾದ ಮಾಡಿ ಪ್ರಯೋಜನವಿಲ್ಲ. ಗ್ರಾಹಕರ ಮಾಹಿತಿಯನ್ನು ಬ್ಯಾಂಕ್ ಹೊರಗಿನವರಿಗೆ ಕೊಡುವಂತಿಲ್ಲ.

ಎನ್‌ಪಿಸಿಐಗೆ ದೂರು ಕೊಡುವುದು ಹೇಗೆ?

ಯುಪಿಐ ವ್ಯವಸ್ಥೆಯನ್ನು ನಡೆಸುವುದು ಭಾರತೀಯ ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ. ಆ್ಯಪ್ ಮತ್ತು ಬ್ಯಾಂಕ್ ಎರಡರಿಂದಲೂ ಸರಿಯಾದ ಸ್ಪಂದನೆ ಸಿಗದಿದ್ದರೆ ಮುಂದಿನ ಮೆಟ್ಟಿಲು ಇದು. npci.org.in ಜಾಲತಾಣದ ಯುಪಿಐ ವಿಭಾಗದಲ್ಲಿ Dispute Redressal Mechanism ಎಂಬ ಪುಟವಿದೆ. ಅಲ್ಲಿ ದೂರಿನ ನಮೂನೆ ತೆರೆದು, ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ ಹಣವೋ ವ್ಯಾಪಾರಿಗೆ ಕಳಿಸಿದ್ದೋ ಎಂದು ಮೊದಲು ಆಯ್ಕೆ ಮಾಡಬೇಕು. ನಂತರ ಸಮಸ್ಯೆಯ ಪಟ್ಟಿಯಲ್ಲಿ Incorrectly transferred to another account ಎಂಬುದನ್ನು ಆರಿಸಬೇಕು.

ಹಲವರು ಎಡವುವುದು ಇಲ್ಲೇ. ಪಟ್ಟಿಯಲ್ಲಿ ಮೊದಲು ಕಂಡ, ಹಣ ಕಡಿತವಾಗಿ ಜಮೆಯಾಗದ ಸಮಸ್ಯೆಯನ್ನು ಆರಿಸಿಬಿಡುತ್ತಾರೆ. ಬ್ಯಾಂಕ್ ಪರಿಶೀಲಿಸಿ 'ಹಣ ಜಮೆಯಾಗಿದೆ' ಎಂದು ಉತ್ತರಿಸಿ ದೂರನ್ನು ಮುಚ್ಚುತ್ತದೆ. ಆ ಉತ್ತರ ಸುಳ್ಳಲ್ಲ, ಕೇಳಿದ ಪ್ರಶ್ನೆಯೇ ತಪ್ಪು.

ನಮೂನೆಯಲ್ಲಿ ವಹಿವಾಟು ಸಂಖ್ಯೆ, ಬ್ಯಾಂಕಿನ ಹೆಸರು, ಯುಪಿಐ ಐಡಿ, ಮೊತ್ತ, ದಿನಾಂಕ, ಇಮೇಲ್ ಮತ್ತು ಮೊಬೈಲ್ ಸಂಖ್ಯೆ ತುಂಬಿ, ಹಣ ಕಡಿತವಾದದ್ದು ಕಾಣುವ ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಬೇಕು. ಎನ್‌ಪಿಸಿಐ ಕೂಡ ಎದುರಿನವರ ಖಾತೆಯಿಂದ ಹಣ ತೆಗೆದು ಕೊಡುವುದಿಲ್ಲ. ಆದರೆ ಸಂಬಂಧಪಟ್ಟ ಬ್ಯಾಂಕುಗಳ ಮುಂದೆ ದೂರು ದಾಖಲಾಗುತ್ತದೆ.

ಮೂವತ್ತು ದಿನ ಕಳೆದರೆ ಒಂಬುಡ್ಸ್‌ಮನ್

ಉದಾಹರಣೆಯ ಯುವಕನಿಗೆ ಅದೃಷ್ಟ ಇದ್ದರೆ ವಿಷಯ ಇಲ್ಲಿಗೇ ಮುಗಿಯುತ್ತದೆ. ಎದುರಿನವರಿಗೆ ಅವರದೇ ಬ್ಯಾಂಕಿನಿಂದ ಕರೆ ಹೋಗುತ್ತದೆ. ಅಪರಿಚಿತನ ಮಾತು ನಂಬದಿದ್ದವರೂ ತಮ್ಮ ಬ್ಯಾಂಕಿನ ಮಾತು ನಂಬಿ ಒಪ್ಪಿಗೆ ಕೊಡುತ್ತಾರೆ. 16,500 ರೂಪಾಯಿ ಅವನ ಖಾತೆಗೆ ಹೊಸ ಜಮೆಯಾಗಿ ಬರುತ್ತದೆ. ಹಳೆಯ ವಹಿವಾಟು ಆ್ಯಪ್‌ನಲ್ಲಿ 'ಯಶಸ್ವಿ' ಎಂದೇ ಉಳಿಯಬಹುದು. ಹಾಗಾಗಿ ಹಣ ಬಂದಿದೆಯೇ ಎಂದು ಸ್ಟೇಟ್‌ಮೆಂಟ್‌ನಲ್ಲೇ ನೋಡಬೇಕು.

ಬ್ಯಾಂಕಿಗೆ ದೂರು ಕೊಟ್ಟು 30 ದಿನ ಕಳೆದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. cms.rbi.org.in ಜಾಲತಾಣದಲ್ಲಿ ದೂರು ದಾಖಲಿಸಲು ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 2021ರ ನವೆಂಬರ್ 12ರಂದು ಸಮಗ್ರ ಒಂಬುಡ್ಸ್‌ಮನ್ ಯೋಜನೆ ಬಂದ ಮೇಲೆ ಇಡೀ ದೇಶಕ್ಕೆ ಒಂದೇ ವ್ಯವಸ್ಥೆ ಇದೆ. ಹಾಗಾಗಿ ಖಾತೆ ಕರ್ನಾಟಕದಲ್ಲಿದೆ, ವಾಸ ಪುಣೆಯಲ್ಲಿದೆ ಎಂಬುದು ಅಡ್ಡಿಯಲ್ಲ. ಮಾಹಿತಿ ಬೇಕಿದ್ದರೆ 14448ಕ್ಕೆ ಉಚಿತವಾಗಿ ಕರೆ ಮಾಡಬಹುದು, ಅಲ್ಲಿ ಕನ್ನಡದಲ್ಲೂ ಮಾತನಾಡುವ ವ್ಯವಸ್ಥೆ ಇದೆ. ಬ್ಯಾಂಕಿಗೆ ಮೊದಲು ದೂರು ಕೊಡದೆ ನೇರವಾಗಿ ಇಲ್ಲಿಗೆ ಬಂದರೆ ಮಾತ್ರ ದೂರು ಸ್ವೀಕಾರವಾಗುವುದಿಲ್ಲ. ಮೊದಲ ರಾತ್ರಿ ಬರೆದಿಟ್ಟ ದೂರಿನ ಸಂಖ್ಯೆಗೆ ಬೆಲೆ ಬರುವುದು ಇಲ್ಲಿ.

ಒಂಬುಡ್ಸ್‌ಮನ್‌ನಿಂದ ಏನನ್ನು ನಿರೀಕ್ಷಿಸಬಹುದು ಎಂಬುದೂ ಸ್ಪಷ್ಟವಾಗಿರಲಿ. ಅವರು ನೋಡುವುದು ಬ್ಯಾಂಕಿನ ಸೇವೆಯಲ್ಲಿ ಲೋಪ ಇದೆಯೇ ಎಂಬುದನ್ನು. ಬ್ಯಾಂಕ್ ದೂರನ್ನು ಮೂಲೆಗೆ ತಳ್ಳಿದ್ದರೆ, ಎದುರಿನ ಬ್ಯಾಂಕಿಗೆ ಬರೆಯದೇ ಇದ್ದರೆ ಅದು ಲೋಪ. ಬ್ಯಾಂಕ್ ತನ್ನ ಕೆಲಸವನ್ನೆಲ್ಲ ಮಾಡಿದ್ದು, ಹಣ ಪಡೆದವರು 'ಕೊಡುವುದಿಲ್ಲ' ಎಂದಿದ್ದರೆ ಆ ನಷ್ಟವನ್ನು ಬ್ಯಾಂಕ್ ತುಂಬಿಕೊಡುವ ಸಾಧ್ಯತೆ ಕಡಿಮೆ.

ಎದುರಿನವರು ಕೊಡುವುದಿಲ್ಲ ಎಂದರೆ?

ತಪ್ಪಾಗಿ ಬಂದ ಹಣ ಬಂದವರದ್ದಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 72ನೇ ಕಲಮಿನ ಪ್ರಕಾರ, ತಪ್ಪಿನಿಂದ ಹಣ ಪಡೆದ ವ್ಯಕ್ತಿ ಅದನ್ನು ಹಿಂದಿರುಗಿಸಲೇಬೇಕು. ಈ ಆಧಾರದ ಮೇಲೆ ಸಿವಿಲ್ ನ್ಯಾಯಾಲಯದಲ್ಲಿ ಮೂರು ವರ್ಷದೊಳಗೆ ದಾವೆ ಹೂಡಬಹುದು. ಅದಕ್ಕೂ ಮೊದಲು ವಕೀಲರಿಂದ ಒಂದು ನೋಟಿಸ್ ಕಳಿಸುವುದು ವಾಡಿಕೆ.

ಅಪ್ರಾಮಾಣಿಕವಾಗಿ ಹಣ ಇಟ್ಟುಕೊಳ್ಳುವುದು ಅಪರಾಧವೂ ಹೌದು. ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮಿನಲ್ಲಿ ಇದಕ್ಕೆ ಆರು ತಿಂಗಳಿನಿಂದ ಎರಡು ವರ್ಷದವರೆಗೆ ಜೈಲು ಮತ್ತು ದಂಡ ಇದೆ. ಆದರೆ ಇದು ಪೊಲೀಸರು ತಾವಾಗಿಯೇ ತನಿಖೆಗೆ ಇಳಿಯಬಹುದಾದ ಅಪರಾಧಗಳ ಸಾಲಿಗೆ ಸೇರಿಲ್ಲ. ಠಾಣೆಗೆ ಹೋದರೆ ದೂರನ್ನು ಎನ್‌ಸಿ, ಅಂದರೆ ಅಸಂಜ್ಞೇಯ ಪ್ರಕರಣವಾಗಿ ದಾಖಲಿಸಿಕೊಳ್ಳುತ್ತಾರೆ. ಮುಂದಿನ ತನಿಖೆಗೆ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. 'ಪೊಲೀಸರು ಸಹಾಯ ಮಾಡಲಿಲ್ಲ' ಎಂಬ ಬೇಸರಕ್ಕೆ ಅನೇಕ ಸಲ ಕಾರಣ ಇದೇ.

16,500 ರೂಪಾಯಿಗೆ ವಕೀಲರ ಖರ್ಚು, ಓಡಾಟ ಲೆಕ್ಕ ಹಾಕಿದರೆ ದಾವೆ ಅನೇಕರಿಗೆ ದುಬಾರಿ ಎನಿಸುತ್ತದೆ. ಅಂಥವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ದಾರಿ ಇದೆ. ದಾವೆ ಹೂಡುವ ಮೊದಲೇ ಲೋಕ್ ಅದಾಲತ್ ಮೂಲಕ ರಾಜಿಗೆ ಅರ್ಜಿ ಕೊಡಬಹುದು, ಅದಕ್ಕೆ ನ್ಯಾಯಾಲಯದ ಶುಲ್ಕ ಇಲ್ಲ. ಪುಣೆಯಲ್ಲಿ ಶಿವಾಜಿನಗರದ ಜಿಲ್ಲಾ ನ್ಯಾಯಾಲಯದಲ್ಲಿ ಈ ಬಗ್ಗೆ ವಿಚಾರಿಸಬಹುದು. ಕಾನೂನು ನೆರವಿನ ರಾಷ್ಟ್ರೀಯ ಸಹಾಯವಾಣಿ 15100. ಆದರೆ ಲೋಕ್ ಅದಾಲತ್‌ನಲ್ಲೂ ಎರಡೂ ಕಡೆಯವರು ಒಪ್ಪಿದರೆ ಮಾತ್ರ ತೀರ್ಮಾನ.

ಬೇಗ ಸಿಗಲಿ ಎಂದು 'ವಂಚನೆ' ಎನ್ನಬೇಡಿ

1930ಕ್ಕೆ ಕರೆ ಮಾಡಿ ವಂಚನೆ ಎಂದು ಹೇಳಿದರೆ ಎದುರಿನವರ ಖಾತೆಯಲ್ಲಿ ಹಣ ತಡೆಹಿಡಿಯುತ್ತಾರೆ, ಆಗ ತಾನಾಗಿ ದಾರಿಗೆ ಬರುತ್ತಾರೆ ಎಂಬ ಸಲಹೆ ಕೊಡುವವರಿದ್ದಾರೆ. ಈ ದಾರಿ ಹಿಡಿಯಬಾರದು. ನಿಮ್ಮ ತಪ್ಪಿಗೆ ಏನೂ ಅರಿಯದ ಒಬ್ಬರ ಸಂಬಳದ ಖಾತೆ ನಿಂತುಹೋಗಬಹುದು. ಪರಿಶೀಲನೆಯಲ್ಲಿ ನೀವೇ ಸಂಖ್ಯೆ ಟೈಪ್ ಮಾಡಿ ಪಿನ್ ಹಾಕಿದ್ದು ಗೊತ್ತಾದಾಗ ಸುಳ್ಳು ದೂರಿನ ಹೊಣೆ ನಿಮ್ಮ ಮೇಲೆ ಬರುತ್ತದೆ. ಸುಮ್ಮನೆ ಕೇಳಿದ್ದರೆ ಕೊಡುತ್ತಿದ್ದವರೂ ಆಮೇಲೆ ಹಟಕ್ಕೆ ಬೀಳುತ್ತಾರೆ.

ನಿಮ್ಮ ಖಾತೆಗೇ ಯಾರದೋ ಹಣ ಬಂದರೆ?

ಇದೇ ಸಮಸ್ಯೆಯ ಇನ್ನೊಂದು ತುದಿಯಲ್ಲಿ ನೀವೂ ಇರಬಹುದು. 'ತಪ್ಪಾಗಿ ನಿಮಗೆ ಹಣ ಹಾಕಿದ್ದೇನೆ' ಎಂದು ಯಾರಾದರೂ ಕರೆ ಮಾಡಿದರೆ ಮೊದಲು ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ. ಎಸ್‌ಎಂಎಸ್ ನಂಬಬೇಡಿ. ಹಣ ಜಮೆಯಾದಂತೆ ನಕಲಿ ಎಸ್‌ಎಂಎಸ್ ಕಳಿಸಿ, ಬಾರದ ಹಣವನ್ನು 'ವಾಪಸ್' ಕೇಳುವುದು ಹಳೆಯ ಮೋಸ.

ಹಣ ನಿಜವಾಗಿಯೂ ಬಂದಿದ್ದರೂ, ಅವರು ಹೇಳುವ ಬೇರೊಂದು ಸಂಖ್ಯೆಗೆ ಕಳಿಸಬೇಡಿ. ಬೇರೆಯವರಿಂದ ಕದ್ದ ಹಣವನ್ನು ನಿಮ್ಮ ಖಾತೆಯ ಮೂಲಕ ದಾಟಿಸುವ ತಂತ್ರವೂ ಅದಾಗಿರಬಹುದು. ಆಗ ಪೊಲೀಸರ ದಾಖಲೆಯಲ್ಲಿ ಸಿಗುವುದು ನಿಮ್ಮ ಖಾತೆ. ಹಣ ಮುಟ್ಟದೆ ಇಟ್ಟು, ನಿಮ್ಮ ಬ್ಯಾಂಕಿಗೆ ಯುಟಿಆರ್ ಸಹಿತ ಬರೆದು, 'ಈ ಹಣ ನನ್ನದಲ್ಲ, ಬಂದ ಖಾತೆಗೇ ಹಿಂದಿರುಗಿಸಲು ನನ್ನ ಒಪ್ಪಿಗೆ ಇದೆ' ಎಂದು ತಿಳಿಸುವುದೇ ಸುರಕ್ಷಿತ. ಕರೆ ಮಾಡಿದವರಿಗೂ 'ನಿಮ್ಮ ಬ್ಯಾಂಕಿನ ಮೂಲಕ ಬನ್ನಿ' ಎಂದು ಹೇಳಿ. ನಿಜವಾಗಿ ತಪ್ಪು ಮಾಡಿದವರು ಇದಕ್ಕೆ ಒಪ್ಪುತ್ತಾರೆ. ಈಗಲೇ, ಇದೇ ಸಂಖ್ಯೆಗೆ ಕಳಿಸಿ ಎಂದು ಒತ್ತಾಯಿಸುವವರ ಮೇಲೆ ಅನುಮಾನ ಇರಲಿ.

ಪಿನ್ ಹಾಕುವ ಮೊದಲು ಹೆಸರು ಓದಿ

2025ರ ಜೂನ್ 30ರಿಂದ ಯುಪಿಐ ಆ್ಯಪ್‌ಗಳು ಪಾವತಿಗೆ ಮೊದಲು ಹಣ ಪಡೆಯುವವರ ಬ್ಯಾಂಕ್ ಖಾತೆಯಲ್ಲಿರುವ ಹೆಸರನ್ನೇ ತೋರಿಸಬೇಕು ಎಂಬ ಎನ್‌ಪಿಸಿಐ ನಿಯಮ ಜಾರಿಯಲ್ಲಿದೆ. ನಿಮ್ಮ ಫೋನಿನಲ್ಲಿ 'ಮನೆ ಓನರ್' ಎಂದು ಉಳಿಸಿಕೊಂಡ ಹೆಸರನ್ನಾಗಲಿ, ಅವರು ತಾವೇ ಇಟ್ಟುಕೊಂಡ ಅಡ್ಡಹೆಸರನ್ನಾಗಲಿ ಅದರ ಬದಲು ತೋರಿಸುವಂತಿಲ್ಲ. ಉದಾಹರಣೆಯ ಯುವಕನಿಗೂ ಹೆಸರು ಕಂಡಿತ್ತು. ಅವನು ಮಾಲೀಕರಿಗೆ ಫೋನ್ ಮಾಡಿ 'ಈ ಹೆಸರು ಬರುತ್ತಿದೆ, ಇದು ನಿಮ್ಮದೇ ಖಾತೆಯಾ' ಎಂದು ಕೇಳಿದ್ದರೆ ಸಾಕಿತ್ತು.

ಹಳೆಯ ಸಂಖ್ಯೆಗಳ ವಿಷಯದಲ್ಲೂ ಜಾಗ್ರತೆ ಬೇಕು. ಬಳಕೆ ನಿಂತ ಮೊಬೈಲ್ ಸಂಖ್ಯೆಯನ್ನು 90 ದಿನಗಳ ನಂತರ ದೂರಸಂಪರ್ಕ ಕಂಪನಿಗಳು ಬೇರೆಯವರಿಗೆ ಕೊಡಬಹುದು. ವರ್ಷದ ಹಿಂದೆ ಊರಿನ ಸಂಬಂಧಿಕರಿಗೆ ಹಣ ಕಳಿಸಿದ ಅದೇ ಸಂಖ್ಯೆ ಇಂದು ಇನ್ನೊಬ್ಬರ ಖಾತೆಗೆ ಜೋಡಣೆಯಾಗಿರಬಹುದು.

ದೊಡ್ಡ ಮೊತ್ತವನ್ನು ಹೊಸ ಸಂಖ್ಯೆಗೆ ಕಳಿಸುವಾಗ ಮೊದಲು ಒಂದು ರೂಪಾಯಿ ಕಳಿಸಿ, 'ಬಂತು' ಎಂಬ ಉತ್ತರ ಸಿಕ್ಕ ಮೇಲೆ ಉಳಿದದ್ದನ್ನು ಕಳಿಸಿ. ಸಾಧ್ಯವಿದ್ದರೆ ಸಂಖ್ಯೆ ಟೈಪ್ ಮಾಡುವ ಬದಲು ಅವರಿಂದಲೇ ಕ್ಯೂಆರ್ ಕೋಡ್ ತರಿಸಿಕೊಳ್ಳಿ. ತಪ್ಪು ಆಗಿಯೇ ಹೋಗಿದ್ದರೆ 12 ಅಂಕಿಗಳ ಯುಟಿಆರ್ ಬರೆದುಕೊಂಡು, ಅದೇ ರಾತ್ರಿ ಬ್ಯಾಂಕಿನಿಂದ ದೂರಿನ ಸಂಖ್ಯೆ ಪಡೆದುಕೊಳ್ಳಿ.